ಮಾವನ ಹೆಸರಿನ ಬಿಲ್ಲು

ಶಾಲೆಯಲ್ಲಿ ಅಷ್ಟು ವರ್ಷ ಪಾಠಟಿಪ್ಪಣಿ ಬರೆದವಳು ನಾನು. ನಿವೃತ್ತಿಯಾದ ಮೇಲೂ ಊರಿನ ಸ್ತ್ರೀಶಕ್ತಿ ಸಂಘದವರಿಗೆ ಅರ್ಜಿ, ನಡಾವಳಿ, ಬ್ಯಾಂಕಿಗೆ ಪತ್ರ ಅಂತ ಏನಾದರೊಂದು ಬರೆದುಕೊಡುತ್ತಲೇ ಇದ್ದೆ. 2024ರ ಬೇಸಿಗೆಯಲ್ಲಿ ಸಂಘದ ಅಧ್ಯಕ್ಷೆ ಬಂದು, "ಟೀಚರಮ್ಮ, ಫೋನಲ್ಲಿ ಕರೆಂಟ್ ಬಿಲ್ ಕಟ್ಟಾದು ಹೆಂಗೆ ಅಂತ ಒಂದು ಪಾಠ ಬರ್‍ಕೊಡಿ. ನಮ್ಮೋರಿಗೆ ಹೇಳ್ಕೊಡೋಕೆ ಹುಡುಗಿ ಅವಳೆ, ಏನು ಹೇಳ್ಬೇಕು ಅನ್ನೋದು ಅವಳಿಗೆ ಗೊತ್ತಿಲ್ಲ" ಅಂದರು. ಹುಡುಗಿ ಅಂದರೆ ಒಕ್ಕೂಟದ ಪುಸ್ತಕ ಬರೆಯುವವಳು. ಪಿಯುಸಿ ಮುಗಿಸಿದ್ದಾಳೆ, ಕೈಯಲ್ಲಿ ಫೋನು ನೀರು ಕುಡಿದಷ್ಟು ಸಲೀಸು. ಆದರೆ ತನಗೆ ಸಲೀಸಾದದ್ದನ್ನು ಇನ್ನೊಬ್ಬರಿಗೆ ಹೇಳಿಕೊಡುವುದು ಬೇರೆಯೇ ಕೆಲಸ. "ಇಲ್ಲಿ ಒತ್ತಿ, ಆಮೇಲೆ ಇಲ್ಲಿ ಒತ್ತಿ, ಆಯ್ತು" ಅನ್ನುವುದರೊಳಗೆ ಅವಳ ಪಾಠ ಮುಗಿದುಬಿಡುತ್ತಿತ್ತು.

ನಮ್ಮದು ಹೊಸದುರ್ಗ ತಾಲ್ಲೂಕಿನ ಹಳ್ಳಿ. ರಾಗಿ, ಸಾವೆ, ನೀರಿದ್ದ ಕಡೆ ತೆಂಗು. ಬಿಲ್ ಕಟ್ಟಬೇಕೆಂದರೆ ಗಂಡಸರು ಪೇಟೆಗೆ ಹೋದಾಗ ಕೊಟ್ಟು ಕಳಿಸಬೇಕು. ಇಲ್ಲದಿದ್ದರೆ ಮೊಬೈಲ್ ಅಂಗಡಿಯ ಹುಡುಗನಿಗೆ ಬಿಲ್ಲಿನ ಹಣದ ಮೇಲೆ ಹತ್ತೋ ಇಪ್ಪತ್ತೋ ಕೊಟ್ಟು ಕಟ್ಟಿಸಬೇಕು. ಕೊಟ್ಟು ಕಳಿಸಿದ ದುಡ್ಡು ಕೆಲವೊಮ್ಮೆ ಕೌಂಟರ್ ತಲುಪದೆ ಬೇರೆಡೆ ತಲುಪುತ್ತಿತ್ತು ಅನ್ನುವುದನ್ನು ಹೆಂಗಸರು ನಗುತ್ತಲೇ ಹೇಳುತ್ತಿದ್ದರು. ಹೊಸ ಪಾಠ ಬೇಕೆನಿಸಿದ್ದಕ್ಕೆ ಅದೂ ಒಂದು ಕಾರಣ.

ಸಂಘದ ಸಭೆಯಲ್ಲಿ ಈ ಮಾತು ಎತ್ತಿದ ಕೂಡಲೇ ಬಂದ ಮೊದಲ ಪ್ರಶ್ನೆಯೇ ಪಾಠದ ಬುಡ ಅಲ್ಲಾಡಿಸುವಂಥದ್ದು. "ಬಿಲ್ಲೇ ಫ್ರೀ ಆಗೈತಲ್ಲ, ಏನು ಕಟ್ಟಾದು?" ಗೃಹಜ್ಯೋತಿ ಯೋಜನೆ 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದಿತ್ತು. ಹೆಚ್ಚಿನ ಮನೆಗಳಿಗೆ ಸೊನ್ನೆ ಬಿಲ್ಲು ಬರುತ್ತಿದ್ದದ್ದೂ ನಿಜ. ಹಾಗಾಗಿ ಪಾಠದ ಮೊದಲ ಪುಟದಲ್ಲಿ ಫೋನಿನ ಮಾತೇ ಇಲ್ಲ, ಸೊನ್ನೆ ಬಿಲ್ಲು ಯಾವಾಗ ಸೊನ್ನೆಯಾಗಿ ಉಳಿಯುವುದಿಲ್ಲ ಅನ್ನುವ ಲೆಕ್ಕವಿದೆ.

ಆ ಲೆಕ್ಕಕ್ಕೆ ಸಂಘದವರೇ ಒಬ್ಬರು ಸಿಕ್ಕರು. ಮಗಳ ಬಾಣಂತನ ಮಾಡುತ್ತಿದ್ದ ತಾಯಿ. ಅವರ ಮನೆಯಲ್ಲಿ 2022-23ರಲ್ಲಿ ತಿಂಗಳಿಗೆ ಸರಾಸರಿ 41 ಯೂನಿಟ್ ಉರಿದಿತ್ತು. ಯೋಜನೆಯ ಪ್ರಕಾರ 200 ಯೂನಿಟ್ ಎಲ್ಲರಿಗೂ ಉಚಿತವಲ್ಲ, ಆ ಹಳೆಯ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿದಷ್ಟು ಮಾತ್ರ ಉಚಿತ. ಮೊದಲು ಎಲ್ಲರಿಗೂ ಶೇ 10 ಸೇರಿಸುತ್ತಿದ್ದರು. 2024ರ ಜನವರಿಯಲ್ಲಿ, ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇರುವವರಿಗೆ ಶೇ 10ರ ಬದಲು ನೇರವಾಗಿ 10 ಯೂನಿಟ್ ಎಂದಾಯಿತು. ಅಂದರೆ ಈಕೆಯ ಪಾಲು 51 ಯೂನಿಟ್. ಬಾಣಂತಿಗೆ, ಕೂಸಿಗೆ ನೀರು ಕಾಯಿಸಲು ಅಳಿಯ ಒಂದು ಕಾಯಿಲ್ ತಂದುಕೊಟ್ಟಿದ್ದ. ಅದರ ಮೇಲೆ 1500 ವಾಟ್ ಎಂದು ಬರೆದಿತ್ತು. ದಿನಕ್ಕೆ ಅರ್ಧ ಗಂಟೆ ಬಕೆಟ್ಟಿನಲ್ಲಿ ಇಟ್ಟರೆ ಮುಕ್ಕಾಲು ಯೂನಿಟ್, ತಿಂಗಳಿಗೆ ಹೆಚ್ಚುಕಡಿಮೆ 22 ಯೂನಿಟ್. ಹಳೆಯ 41ಕ್ಕೆ ಅದು ಸೇರಿ 63 ಆಯಿತು. 51 ಕಳೆದು ಉಳಿದ 12 ಯೂನಿಟ್‌ಗೆ ಬಿಲ್ಲು ಬಂತು, ಅದೂ ನೂರು ರೂಪಾಯಿಯೊಳಗೆ. ಆದರೆ "ಫ್ರೀ" ಅಂದುಕೊಂಡು ಬಿಲ್ಲನ್ನು ಓದದೆ ಮಡಚಿಟ್ಟವರಿಗೆ ಆ ನೂರು ರೂಪಾಯಿ ಮುಂದಿನ ತಿಂಗಳು ಬಾಕಿಯಾಗಿ, ಬಡ್ಡಿ ಹತ್ತಿಸಿಕೊಂಡು ಬರುತ್ತದೆ. ಒಟ್ಟು ಬಳಕೆ 200 ಯೂನಿಟ್ ದಾಟಿದರಂತೂ ಪಾಲು ಗೀಲು ಏನೂ ಇಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. ಇನ್ನು ಅಂಗಡಿ, ಹಿಟ್ಟಿನ ಗಿರಣಿ ಇರುವವರ ಮೀಟರಿಗೆ ಈ ಯೋಜನೆ ಮೊದಲಿಂದಲೂ ಅನ್ವಯಿಸಿಲ್ಲ. ಸಂಘದಲ್ಲಿ ಅಂಥವರೂ ಇದ್ದರು. ಇಷ್ಟು ಹೇಳಿದ ಮೇಲೆ, ಏನು ಕಟ್ಟೋದು ಅನ್ನುವ ಪ್ರಶ್ನೆ ಮತ್ತೆ ಬರಲಿಲ್ಲ. "ಹಂಗಾರೆ ಕಾಯಿಲ್ ಬಿಟ್ಟು ಒಲೆ ಮೇಲೇ ಕಾಯಿಸ್ತೀನಿ" ಅಂದರು ಆ ತಾಯಿ. ಅದು ಪಾಠದಲ್ಲಿ ಇರಲಿಲ್ಲ, ಆದರೂ ಬಂದದ್ದು ಒಳ್ಳೆಯದೇ.

ಇಂಥ ತರಬೇತಿಗೆ ಎಲ್ಲಿಂದಲೋ ಬಂದ ಒಂದು ಮಾದರಿ ಪಾಠವನ್ನೂ ಹುಡುಗಿ ತಂದು ತೋರಿಸಿದಳು. ಅಚ್ಚುಕಟ್ಟಾದ ಕನ್ನಡ. "ಮುಖಪುಟದಲ್ಲಿ ಎಡಗಡೆಯಿಂದ ಮೂರನೆಯ ಚಿಹ್ನೆಯನ್ನು ಸ್ಪರ್ಶಿಸಿ" ಎಂದು ಶುರುವಾಗುತ್ತಿತ್ತು. ಹುಡುಗಿಯ ಫೋನಿನಲ್ಲಿ ನೋಡಿದರೆ ಆ ಮೂರನೆಯ ಜಾಗದಲ್ಲಿ ಸಾಲದ ಜಾಹೀರಾತು ಕೂತಿತ್ತು. ಆಪ್‌ನವರು ತಮ್ಮ ಪುಟವನ್ನು ಎರಡು ಮೂರು ತಿಂಗಳಿಗೊಮ್ಮೆ ಬದಲಾಯಿಸುತ್ತಾರೆ. ಗುಂಡಿಯ ಜಾಗವನ್ನು ಬಾಯಿಪಾಠ ಮಾಡಿದವರು ಬದಲಾದ ದಿನ ಕಂಗಾಲಾಗುತ್ತಾರೆ. ಆ ಹಾಳೆಯನ್ನು ಪಕ್ಕಕ್ಕಿಟ್ಟೆ. ಎಲ್ಲಿ ಒತ್ತಬೇಕು ಅನ್ನುವುದಕ್ಕಿಂತ ಎಲ್ಲಿ ಕೈ ಬಿಗಿಹಿಡಿದು ನೋಡಬೇಕು ಅನ್ನುವುದನ್ನೇ ಬರೆಯಬೇಕೆಂದು ನಿಶ್ಚಯಿಸಿದೆ. ಪುಟ ಹೇಗೇ ಬದಲಾಗಲಿ, ನೋಡಬೇಕಾದ ಜಾಗಗಳು ಮೂರೇ: ಖಾತೆ ಸಂಖ್ಯೆ, ಹೆಸರು ಮತ್ತು ಮೊತ್ತ, ಪಿನ್. ಪಾಠವೆಲ್ಲ ಈ ಮೂರರ ಸುತ್ತ ಕಟ್ಟಿದ್ದು.

ಮೊದಲ ತರಗತಿಗೆ ಫೋನು ತರಬೇಡಿ, ಬಿಲ್ಲು ತನ್ನಿ ಎಂದು ಹೇಳಿಕಳಿಸಿದೆವು. ಬಂದ ಬಿಲ್ಲುಗಳನ್ನು ನೋಡಬೇಕಿತ್ತು! ಮೀಟರ್ ಓದುವವರು ಕೈಯಲ್ಲಿನ ಯಂತ್ರದಿಂದ ಹರಿದುಕೊಡುವ ಆ ಉದ್ದನೆಯ ಚೀಟಿಗೆ ಶಾಯಿ ಇರುವುದಿಲ್ಲ. ಬಿಸಿ ತಾಗಿದರೆ ಕಪ್ಪಾಗುವ ಕಾಗದ ಅದು, ಅಕ್ಷರ ಮೂಡುವುದೂ ಆ ಬಿಸಿಯಿಂದಲೇ. ಅದನ್ನು ಒಲೆಯ ಮೇಲಿನ ಗೂಡಿನಲ್ಲಿ ಸಿಕ್ಕಿಸಿಟ್ಟವರ ಬಿಲ್ಲು ಪೂರ್ತಿ ಕರ್‍ರಗಾಗಿತ್ತು. ಕಿಟಕಿಗೆ ಸಿಕ್ಕಿಸಿಟ್ಟವರದು ಬಿಸಿಲಿಗೆ ಬೆಳ್ಳಗಾಗಿತ್ತು. ಬೀರುವಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟಿದ್ದವರದು ಮಾತ್ರ ಓದುವಂತಿತ್ತು.

ಓದುವಂತಿದ್ದ ಬಿಲ್ಲಿನಲ್ಲಿ ಎರಡು ನಂಬರು. ಒಂದು ಆರ್.ಆರ್. ನಂಬರ್. ಇದು ಎಲ್ಲರಿಗೂ ಗೊತ್ತು. ಲೈನ್‌ಮನ್ ಕೇಳುವುದು ಅದನ್ನೇ, ಮೀಟರಿನ ಹಲಗೆಯ ಮೇಲೆ ಬಣ್ಣದಲ್ಲಿ ಬರೆದಿರುವುದೂ ಅದನ್ನೇ. ಆದರೆ ಆಪ್ ಕೇಳುವುದು ಅದನ್ನಲ್ಲ. ಅದಕ್ಕೆ ಬೇಕಾದದ್ದು `Account ID` ಎಂದು ಬರೆದಿರುವ 10 ಅಂಕಿಯ ಖಾತೆ ಸಂಖ್ಯೆ. ಆರ್.ಆರ್. ನಂಬರಿನಲ್ಲಿ ಅಕ್ಷರವೂ ಇರುತ್ತದೆ, ಅಂಕಿಯೂ ಇರುತ್ತದೆ. ಖಾತೆ ಸಂಖ್ಯೆಯಲ್ಲಿ ಅಂಕಿ ಮಾತ್ರ. ಗುರುತಿಗೆ ಅಷ್ಟು ಸಾಕು. ಈ ಸಂಖ್ಯೆ ತಿಂಗಳು ತಿಂಗಳು ಬದಲಾಗುವುದಿಲ್ಲ, ಬಿಲ್ಲು ಕಳೆದುಹೋದರೂ ಅದೇ ಇರುತ್ತದೆ. ಆದ್ದರಿಂದ ಪಾಠದಲ್ಲಿ ಮನೆಕೆಲಸ ಎಂದು ಬರೆದೆ: "ಇವತ್ತು ಮನೆಗೆ ಹೋಗಿ ಮೀಟರಿನ ಪಕ್ಕದ ಗೋಡೆ ಮೇಲೆ ಖಾತೆ ಸಂಖ್ಯೆ ಬರೆಸಿ. ಸೀಮೆಸುಣ್ಣ ಬೇಡ, ಪೇಂಟ್. ಬರೆದಾದ ಮೇಲೆ ಇನ್ನೊಬ್ಬರು ಬಿಲ್ಲು ಹಿಡಿದು ಓದಲಿ, ನೀವು ಗೋಡೆ ನೋಡಿ ತಾಳೆ ಹಾಕಿ." ಬಾಗಿಲಿಗೆ ಹಚ್ಚಿ ಉಳಿದ ಪೇಂಟಿನಲ್ಲಿ ಹೈಸ್ಕೂಲು ಹುಡುಗರು ಊರಿನ ಗೋಡೆಗಳ ಮೇಲೆಲ್ಲ ಹತ್ತು ಹತ್ತು ಅಂಕಿ ಬರೆದುಬಿಟ್ಟರು. ಇಡೀ ತರಬೇತಿಯಲ್ಲಿ ಹೆಚ್ಚು ಕಾಲ ಬಾಳುವ ಕೆಲಸ ಅದೇ ಎಂದು ನನ್ನ ಅಭಿಪ್ರಾಯ.

ಎರಡನೆಯ ತರಗತಿಗೆ ಫೋನು ಬಂತು. ಬಂದದ್ದೇ ಇನ್ನೊಂದು ತೊಡಕು ಎದ್ದಿತು. ಯುಪಿಐ ಆಪ್ ಮೊದಲ ಸಲ ತೆರೆದಾಗ ಆ ಫೋನಿನಿಂದಲೇ ಒಂದು ಎಸ್‌ಎಂಎಸ್ ತಾನಾಗಿ ಹೋಗುತ್ತದೆ. ಬ್ಯಾಂಕಿನಲ್ಲಿ ಬರೆಸಿದ ನಂಬರಿನ ಸಿಮ್ ಇದೇ ಫೋನಿನಲ್ಲಿ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಲು. ಎಷ್ಟೋ ಜನ ಖಾತೆ ತೆರೆದದ್ದು 2014ರ ಜನಧನದ ಕಾಲದಲ್ಲಿ. ಆಗ ಅವರ ಕೈಯಲ್ಲಿ ಫೋನೇ ಇರಲಿಲ್ಲ. ಮಗನದ್ದೋ, ಮೈದುನನದ್ದೋ ನಂಬರ್ ಕೊಟ್ಟಿದ್ದರು. ಆ ಮಗ ಈಗ ಪೀಣ್ಯದ ಕಾರ್ಖಾನೆಯಲ್ಲಿದ್ದಾನೆ, ಸಿಮ್ ಅವನ ಜೇಬಿನಲ್ಲಿದೆ. ಇನ್ನು ಕೆಲವರ ನಂಬರ್ ಸರಿಯಿತ್ತು, ಆದರೆ ರೀಚಾರ್ಜ್ ಮುಗಿದು ಎಸ್‌ಎಂಎಸ್ ಹೋಗುತ್ತಿರಲಿಲ್ಲ. ಎರಡು ಸಿಮ್ ಇದ್ದವರ ಫೋನು ಬೇರೆ ಸಿಮ್ಮಿನಿಂದ ಕಳಿಸುತ್ತಿತ್ತು. ಪರದೆಯಲ್ಲಿ ಮೂವರಿಗೂ ಬರುವ ಉತ್ತರ ಒಂದೇ, ಆಗಲಿಲ್ಲ ಅಂತ. ಅದನ್ನು ನೋಡಿದ ಹೆಂಗಸರು ತಮಗೇ ಬರಲಿಲ್ಲ ಅಂದುಕೊಳ್ಳುತ್ತಾರೆ. ಅದಕ್ಕೇ ಪಾಠದಲ್ಲಿ ಹುಡುಗಿಗೆಂದೇ ಒಂದು ಸಾಲು ಬರೆದೆ: "ಆಗಲಿಲ್ಲ ಎಂದು ಬಂದರೆ ಮೊದಲು ಸಿಮ್ ಕೇಳು, ಆಮೇಲೆ ರೀಚಾರ್ಜ್ ಕೇಳು. ಅಕ್ಕನಿಗೆ ಬರಲಿಲ್ಲ ಅನ್ನಬೇಡ." ನಂಬರ್ ಬದಲಾಯಿಸಬೇಕಾದವರು ಪಾಸ್‌ಬುಕ್, ಆಧಾರ್ ಹಿಡಿದು ಬ್ಯಾಂಕಿಗೆ ಹೋಗಲೇಬೇಕು. ಅದಕ್ಕೆ ಅಡ್ಡದಾರಿ ಇಲ್ಲ.

ಸಿಮ್ ಸರಿಯಿದ್ದವರ ಫೋನಿನಲ್ಲಿ ಮುಂದಕ್ಕೆ ಹೋದೆವು. ವಿದ್ಯುತ್ ಬಿಲ್ಲಿನ ಪುಟ ತೆರೆದರೆ ದೇಶದ ಕಂಪನಿಗಳೆಲ್ಲ ಸಾಲಾಗಿ ನಿಂತಿರುತ್ತವೆ. ನಮ್ಮೂರಿನಲ್ಲಿ ಇವತ್ತಿಗೂ ಕರೆಂಟಿನವರೆಂದರೆ ಕೆಇಬಿಯವರು. ಕೆಇಬಿ 1999ರಲ್ಲೇ ಕೆಪಿಟಿಸಿಎಲ್ ಆಗಿ, 2002ರಲ್ಲಿ ಹಂಚುವ ಕೆಲಸ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಎಂದು ಬೇರೆ ಬೇರೆಯಾದದ್ದು ಊರಿನ ಬಾಯಿಗೆ ಇನ್ನೂ ತಲುಪಿಲ್ಲ. ಒಬ್ಬಾಕೆ ಕೆಇಬಿ ಎಂದು ಹುಡುಕಿ ಸಿಗದೆ ಬೇಸತ್ತಳು. ನಾನು ತೋರಿಸಿದ ಸಾಲಿನಲ್ಲಿ ಇದ್ದದ್ದು `Bangalore Electricity Supply Company Ltd (BESCOM)`. ಅದನ್ನು ಕೂಡಿಸಿ ಓದಿದ, ಸಂಘದಲ್ಲೇ ಇದ್ದ ಅಂಗಡಿಯಾಕೆ ಕೈ ಹಿಂದೆ ತೆಗೆದುಕೊಂಡರು. "ಇದು ಬೆಂಗಳೂರೋರ್ದು ಕಣಮ್ಮ, ನಮ್ಮ ದುಡ್ಡು ಅಲ್ಲಿಗ್ಯಾಕೆ ಹೋಗ್ಬೇಕು?" ಪ್ರಶ್ನೆ ನ್ಯಾಯವಾದದ್ದೇ. ಚಿತ್ರದುರ್ಗ, ದಾವಣಗೆರೆ, ತುಮಕೂರು ಜಿಲ್ಲೆಗಳೂ ಬೆಸ್ಕಾಂಗೇ ಸೇರಿವೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೆಸರು ಓದಿ ಕೈ ಹಿಂದೆಗೆದ ಅವರ ಬುದ್ಧಿಯನ್ನು ಹೊಗಳಿ, ಕೈಯಲ್ಲಿದ್ದ ಬಿಲ್ಲಿನ ನೆತ್ತಿಯಲ್ಲಿರುವ ಹೆಸರನ್ನೂ ಪರದೆಯ ಹೆಸರನ್ನೂ ಪಕ್ಕಪಕ್ಕ ಇಟ್ಟು ತೋರಿಸಬೇಕು ಎಂದು ಪಾಠಕ್ಕೆ ಸೇರಿಸಿದೆ. ಈ ಸಾಲು ಬೇರೆ ಜಿಲ್ಲೆಯವರಿಗೆ ಬದಲಾಗುತ್ತದೆ. ಶಿವಮೊಗ್ಗದವರಿಗೆ ಮೆಸ್ಕಾಂ, ಹಾವೇರಿಯವರಿಗೆ ಹೆಸ್ಕಾಂ. ಬಿಲ್ಲಿನಲ್ಲಿರುವ ಕಂಪನಿಯೇ ಪರದೆಯಲ್ಲೂ ಇರಬೇಕು, ಅಷ್ಟೇ.

ಇನ್ನು ಹೆಸರಿನ ವಿಷಯ. ಪಾಠದಲ್ಲಿ ನಾನು ಹೆಚ್ಚು ಯೋಚಿಸಿ ಬರೆದದ್ದು ಇದನ್ನೇ.

ಖಾತೆ ಸಂಖ್ಯೆ ಹಾಕಿ ಮುಂದೆ ಒತ್ತಿದರೆ ಆಪ್ ಕೂಡಲೇ ದುಡ್ಡು ಕೇಳುವುದಿಲ್ಲ. ಆಗ ಭಾರತ್ ಬಿಲ್ ಪೇ ಎನ್ನುತ್ತಿದ್ದ ವ್ಯವಸ್ಥೆಯ ಮೂಲಕ ಕಂಪನಿಯ ಲೆಕ್ಕವನ್ನು ಕೇಳಿ, ಆ ಸಂಖ್ಯೆ ಯಾರ ಹೆಸರಿನಲ್ಲಿದೆ, ಎಷ್ಟು ಕಟ್ಟಬೇಕು, ಕೊನೆಯ ದಿನ ಯಾವುದು ಎಂದು ತಂದು ತೋರಿಸುತ್ತದೆ. ಕೌಂಟರಿನಲ್ಲಿ ಗುಮಾಸ್ತ ಮಾಡುತ್ತಿದ್ದ ಕೆಲಸ ಇದೇ. ಹತ್ತು ಅಂಕಿಯಲ್ಲಿ ಒಂದು ತಪ್ಪಿದಾಗ ಎರಡರಲ್ಲಿ ಒಂದಾಗುತ್ತದೆ. ಅಂಥ ಖಾತೆಯೇ ಇಲ್ಲದಿದ್ದರೆ ಆಪ್ ಇಲ್ಲ ಎನ್ನುತ್ತದೆ, ಅದರಿಂದ ಅಪಾಯವಿಲ್ಲ. ಆದರೆ ಆ ತಪ್ಪಿದ ಸಂಖ್ಯೆ ಇನ್ನೆಲ್ಲೋ ಇನ್ಯಾರದೋ ಮನೆಯದಾಗಿದ್ದರೆ ಆಪ್ ಸಲೀಸಾಗಿ ಅವರ ಬಿಲ್ಲನ್ನು ತೋರಿಸುತ್ತದೆ. ನಾವು ಕಟ್ಟಿದರೆ ಕಟ್ಟಿಸಿಕೊಳ್ಳುತ್ತದೆ. ಅದನ್ನು ತಡೆಯಲು ನಮ್ಮ ಕೈಯಲ್ಲಿರುವುದು ಆ ಹೆಸರೊಂದೇ.

ಆ ಮಾದರಿ ಪಾಠದಲ್ಲಿ "ನಿಮ್ಮ ಹೆಸರು ಬಂದಿದೆಯೇ ಪರಿಶೀಲಿಸಿ" ಎಂದಿತ್ತು. ನಮ್ಮೂರಿನಲ್ಲಿ ಮೀಟರು ಹೆಂಗಸರ ಹೆಸರಿನಲ್ಲಿ ಎಲ್ಲಿದೆ? ಗಂಡನ ಹೆಸರಿನಲ್ಲಿರುವುದೂ ಅಪರೂಪ. ಕರೆಂಟು ಬಂದ ಕಾಲಕ್ಕೆ ಮನೆಗೆ ಹಿರಿಯರಾಗಿದ್ದವರ ಹೆಸರಿನಲ್ಲಿ ಮೀಟರು ಕೂತಿದೆ. ಮಾವ, ಮಾವನ ಅಣ್ಣ, ಕೆಲವು ಕಡೆ ಮನೆ ಮಾರಿ ಹೋದ ಹಳೆಯ ಯಜಮಾನ. ಅವರಲ್ಲಿ ಬಹುಪಾಲು ಜನ ತೀರಿಹೋಗಿದ್ದಾರೆ. ಸೊಸೆಯಂದಿರಿಗೆ ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿಯೂ ಇಲ್ಲ. "ನಿಮ್ಮ ಹೆಸರು ಬಂತಾ" ಎಂದು ಕೇಳಿದರೆ "ಇಲ್ಲ" ಎನ್ನುವುದೇ ಸರಿಯಾದ ಉತ್ತರ. ಅದನ್ನು ನಂಬಿ ಪಾಠ ಮುಂದುವರಿದರೆ ಎಲ್ಲರೂ ಸರಿಯಾದ ಬಿಲ್ಲನ್ನು ಬಿಟ್ಟು ಎದ್ದುಹೋಗುತ್ತಾರೆ. ಇಲ್ಲವೇ ಇನ್ನೂ ಕೆಟ್ಟದ್ದಾಗುತ್ತದೆ. ಹೆಸರು ಎಂದೂ ಹೊಂದುವುದಿಲ್ಲ ಎಂದುಕೊಂಡು ನೋಡುವುದನ್ನೇ ಬಿಡುತ್ತಾರೆ.

ನಾನು ಬರೆದದ್ದು ಹೀಗೆ. "ಮೊದಲು ಕಾಗದದ ಬಿಲ್ಲಿನಲ್ಲಿ ಯಾರ ಹೆಸರಿದೆ ಅಂತ ಬೆರಳಿಟ್ಟು ನೋಡಿ. ಮಾವನದ್ದೇ ಇರಲಿ, ಅಜ್ಜನದ್ದೇ ಇರಲಿ. ಈಗ ಫೋನಿನಲ್ಲಿ ನೋಡಿ. ಅದೇ ಹೆಸರು ಬಂತಾ? ಬಂದರೆ ಆ ಮೀಟರ್ ನಿಮ್ಮದೇ. ಬೇರೆ ಹೆಸರು ಬಂದರೆ ಹಿಂದೆ ಹೋಗಿ ಅಂಕಿ ನೋಡಿ." ಓದು ಬಾರದವರಿಗೆ ಮೊದಲಕ್ಷರದ ಆಕಾರವನ್ನು ತಾಳೆ ನೋಡುವುದನ್ನು ಕಲಿಸಿದೆವು. ಫೋನಿನಲ್ಲಿ ಹೆಸರು ಬರುವುದು ಇಂಗ್ಲಿಷಿನಲ್ಲಿ. ಅದಕ್ಕೆ ಗೋಡೆಯ ಮೇಲೆ ಖಾತೆ ಸಂಖ್ಯೆಯ ಕೆಳಗೆ ಆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೂ ಬರೆಸಿದೆವು. ಒಬ್ಬ ಅತ್ತೆ ತನ್ನ ಗಂಡನ ಹೆಸರು ಸೊಸೆಯ ಫೋನಿನಲ್ಲಿ ಮೂಡಿದ್ದನ್ನು ಕನ್ನಡಕ ಏರಿಸಿಕೊಂಡು ನೋಡಿ, "ಸತ್ ಮ್ಯಾಲೂ ಬಿಲ್ ಕಟ್ಟಾದು ತಪ್ಪಲಿಲ್ಲ ನೋಡು ಇವರಿಗೆ" ಅಂದರು. ಸಭೆಯೆಲ್ಲ ನಕ್ಕಿತು. ಹೆಸರು ನೋಡಬೇಕೆನ್ನುವುದು ಯಾರಿಗೂ ಮರೆಯದಂತೆ ನೆನಪಿನಲ್ಲಿ ಉಳಿದದ್ದು ನನ್ನ ಪಾಠದಿಂದಲ್ಲ, ಆ ಮಾತಿನಿಂದ.

ಮೊತ್ತದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಕಾಗದದಲ್ಲಿರುವುದೂ ಪರದೆಯಲ್ಲಿರುವುದೂ ಒಂದೇ ಇರಬೇಕು. ಹಿಂದೆ ಕಟ್ಟಿದ್ದು ಇನ್ನೂ ಲೆಕ್ಕಕ್ಕೆ ಸೇರದಿದ್ದರೆ ವ್ಯತ್ಯಾಸ ಕಾಣಬಹುದು, ಆಗ ಒಂದೆರಡು ದಿನ ಕಾದು ನೋಡಬೇಕು. ಸೊನ್ನೆ ಬಿಲ್ಲಿನವರಿಗೆ "ಬಾಕಿ ಇಲ್ಲ" ಎಂಬರ್ಥದ ಸಾಲು ಬರುತ್ತದೆ. ಅದು ತಪ್ಪಾದದ್ದಲ್ಲ. ಮನೆಯವರು ಅದನ್ನು ನೋಡಿ ಗಾಬರಿಯಾಗದಿರಲಿ ಎಂದು ಅದನ್ನೂ ಬರೆದಿಟ್ಟೆ.

ಪಿನ್ ವಿಷಯಕ್ಕೆ ಬಂದಾಗ ಹುಡುಗಿ ನನಗಿಂತ ಚೆನ್ನಾಗಿ ಹೇಳಿದಳು. ಯುಪಿಐ ಪಿನ್ ನಾಲ್ಕು ಅಥವಾ ಆರು ಅಂಕಿ. ಅದನ್ನು ಮಾಡಿಕೊಳ್ಳಲು ಎಟಿಎಂ ಕಾರ್ಡಿನ ಕೊನೆಯ ಆರು ಅಂಕಿ, ಅದರ ಅವಧಿ ಮುಗಿಯುವ ತಿಂಗಳು ವರ್ಷ ಬೇಕು. ಕಾರ್ಡ್ ಇಲ್ಲದವರಿಗೆ ಹಲವು ಬ್ಯಾಂಕುಗಳಲ್ಲಿ ಆಧಾರ್ ಒಟಿಪಿಯ ದಾರಿ ಇದೆ. ಇದಾದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ, "ಪಿನ್ ಯಾವಾಗ ಹಾಕ್ತೀರಿ ಅಕ್ಕಾ?" ಉತ್ತರವನ್ನು ಅವರ ಬಾಯಲ್ಲೇ ಹೇಳಿಸಿದಳು. ದುಡ್ಡು ಹೋಗುವಾಗ. ಬರುವಾಗ? ಬೇಡ. ಗೃಹಲಕ್ಷ್ಮಿ ದುಡ್ಡು ಬರುವಾಗ ಪಿನ್ ಹಾಕಿದ್ರಾ? ಇಲ್ಲ, ತಾನಾಗಿ ಬಂತು. ಹಾಗಾದರೆ ಯಾರಾದರೂ ಫೋನ್ ಮಾಡಿ, ನಿಮಗೆ ದುಡ್ಡು ಕಳಿಸ್ತೀವಿ, ಪಿನ್ ಹಾಕಿ ಅಂದರೆ? ಅಲ್ಲಿಗೆ ಪಾಠ ಅರ್ಥವಾಗಿತ್ತು. ಇದನ್ನು ಹಾಗೇ ಪ್ರಶ್ನೋತ್ತರವಾಗಿ ಬರೆದುಕೊಂಡೆ, ಒಂದಕ್ಷರ ಬದಲಿಸಲಿಲ್ಲ. ಮಗನಿಗೆ ಪಿನ್ ಹೇಳಬಹುದಾ ಎಂದು ಒಬ್ಬರು ಕೇಳಿದರು. ಬೇಡ ಎನ್ನುವುದು ಸುಲಭ. ಆದರೆ ಮನೆಮನೆಯ ಕತೆ ಬೇರೆ. ಪಿನ್ ಮರೆತರೆ ಹೊಸದು ಮಾಡಿಕೊಳ್ಳಬಹುದು, ಮರೆತೀನೆಂಬ ಹೆದರಿಕೆಗೆ ಯಾರಿಗೂ ಹೇಳಿಡಬೇಕಾಗಿಲ್ಲ ಎಂದಷ್ಟೇ ಹೇಳಿದೆವು. ಮೂರು ಸಲ ತಪ್ಪು ಹಾಕಿದರೆ ಬ್ಯಾಂಕ್ ತಾತ್ಕಾಲಿಕವಾಗಿ ತಡೆಹಿಡಿಯುತ್ತದೆ, ಆಗ ದುಡ್ಡು ಹೋಯಿತೆಂದು ಹೆದರಬೇಡಿ ಎಂದೂ ಸೇರಿಸಿದೆವು.

ಮೊದಲು ಕಟ್ಟಿದವರು ಅಂಗಡಿಯಾಕೆಯೇ. ಬಿಲ್ಲು ಹಿಡಿದು ಒಬ್ಬರು ಎರಡೆರಡಾಗಿ ಅಂಕಿ ಓದಿದರು, ಈಕೆ ಒತ್ತಿದರು. ಹೆಸರು ಬಂತು, ಅವರ ಮಾವನದ್ದೇ. ಮೊತ್ತ ತಾಳೆಯಾಯಿತು. ಪಿನ್ ಹಾಕುವಾಗ ಎಲ್ಲರೂ ಬೇರೆ ಕಡೆ ತಿರುಗಬೇಕೆಂದು ಅವರೇ ಗದರಿದರು. ಹಸಿರು ಗುರುತು ಮೂಡಿತು, ಬ್ಯಾಂಕಿನ ಮೆಸೇಜ್ ಬಂತು. ಆ ಪುಟದ ಚಿತ್ರ ತೆಗೆದಿಟ್ಟುಕೊಳ್ಳುವುದನ್ನು ಹುಡುಗಿ ತೋರಿಸಿದಳು. ಲೈನ್ ಕಡಿಯಲು ಬಂದವರಿಗೆ ತೋರಿಸಲು ಅದೇ ರಸೀದಿ.

ಎಲ್ಲ ಸಲವೂ ಹಸಿರು ಬರುವುದಿಲ್ಲ. ಒಬ್ಬರಿಗೆ ಖಾತೆಯಿಂದ ದುಡ್ಡು ಕಳೆದ ಮೆಸೇಜ್ ಬಂತು. ಪರದೆಯಲ್ಲಿ ಮಾತ್ರ ಹಳದಿ ಬಣ್ಣದಲ್ಲಿ `Pending` ಎಂದು ನಿಂತಿತು. ಅವತ್ತು ಕಟ್ಟಲು ಕೊನೆಯ ದಿನ. ಮೈದುನ ಬಂದವನು ತನ್ನ ಫೋನಿನಿಂದ ಇನ್ನೊಂದು ಸಲ ಕಟ್ಟಿಬಿಟ್ಟ. ಮರುದಿನ ನೋಡಿದರೆ ಮೊದಲನೆಯದೂ ಹಸಿರಾಗಿತ್ತು. ಎರಡು ಸಲ ಕಟ್ಟಿದ ದುಡ್ಡು ಮುಳುಗುವುದಿಲ್ಲ, ಹೆಚ್ಚಾದದ್ದು ಖಾತೆಯಲ್ಲಿ ಮುಂಗಡವಾಗಿ ನಿಂತು ಮುಂದಿನ ಬಿಲ್ಲಿನಲ್ಲಿ ಕಳೆಯುತ್ತದೆ. ಆದರೆ ಆ ಮನೆಗೆ ಸಾಮಾನ್ಯವಾಗಿ ಬರುತ್ತಿದ್ದದ್ದು ಸೊನ್ನೆ ಬಿಲ್ಲು. ಕಳೆಯಲು ಬಿಲ್ಲೆಲ್ಲಿ? ಅವರ ದುಡ್ಡು ಅಲ್ಲೇ ಕೂತಿದೆ, ಅತ್ತಿಗೆ ಮೈದುನರ ನಡುವೆ ಅದರ ಲೆಕ್ಕ ಇನ್ನೂ ಮುಗಿದಿಲ್ಲ. ಈ ಪ್ರಕರಣದ ನಂತರ ಪಾಠಕ್ಕೆ ಎರಡು ಸಾಲು ಬಂದವು. "ಕೊನೆಯ ದಿನಕ್ಕೆ ಕಾಯಬೇಡಿ, ಮೂರು ನಾಲ್ಕು ದಿನ ಮೊದಲೇ ಕಟ್ಟಿ. ಹಳದಿ ಬಂದರೆ ಮತ್ತೆ ಕಟ್ಟಬೇಡಿ, ನಾಳೆ ನೋಡಿ." ದುಡ್ಡು ಕಳೆದು ಬಿಲ್ಲೂ ಸಂದಾಯವಾಗದೆ ನಿಂತರೆ ಏನು ಮಾಡಬೇಕೆಂದೂ ಬರೆದೆ. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯ ಪ್ರಕಾರ, ಯುಪಿಐ ಮೂಲಕ ವ್ಯಾಪಾರಿಗೆ ಕಟ್ಟಿದ ಹಣದ ಖಾತ್ರಿ ಬರದಿದ್ದರೆ ಐದು ದಿನದೊಳಗೆ ಖಾತೆಗೆ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಕೇಳಲು ಬೇಕಾದದ್ದು ಆ ಪುಟದಲ್ಲಿರುವ 12 ಅಂಕಿಯ ವ್ಯವಹಾರ ಸಂಖ್ಯೆ. ಹಳದಿ ಪುಟದ್ದೂ ಒಂದು ಚಿತ್ರ ತೆಗೆದಿಡಿ ಎಂದದ್ದು ಅದಕ್ಕೇ.

ಇನ್ನೊಂದು ಸಣ್ಣ ಸಂಗತಿ. ಕಲಿತವರು ಕಲಿಯದ ನೆರೆಯವರ ಬಿಲ್ಲನ್ನೂ ಕಟ್ಟಿಕೊಡಲು ಶುರುಮಾಡಿದರು. ಒಮ್ಮೆ ಕಟ್ಟಿದ ಖಾತೆಯನ್ನು ಆಪ್ ನೆನಪಿಟ್ಟುಕೊಂಡು ಮುಂದಿನ ತಿಂಗಳು ಅದನ್ನೇ ಮೇಲೆ ತೋರಿಸುತ್ತದೆ. ಅಂಕಿ ಹಾಕುವ ಶ್ರಮವಿಲ್ಲವೆಂದು ಅದನ್ನೇ ಒತ್ತಿದರೆ ನೆರೆಮನೆಯ ಬಿಲ್ಲು ಎರಡನೆಯ ಸಲ ನಮ್ಮ ಖರ್ಚಿನಲ್ಲಿ. ಅಲ್ಲಿಯೂ ಕಾಪಾಡುವುದು ಹೆಸರೇ, ನೋಡಿದರೆ.

ಪಾಠದ ಕೊನೆಯ ಹಾಳೆ ಮೋಸದ್ದು. 2022ರಲ್ಲಿ ದೇಶದ ಹಲವು ರಾಜ್ಯಗಳಲ್ಲಿ ಒಂದು ಮೆಸೇಜ್ ಓಡಾಡಿತ್ತು. ಹಿಂದಿನ ತಿಂಗಳ ಬಿಲ್ಲು ನಮ್ಮ ಲೆಕ್ಕಕ್ಕೆ ಬಂದಿಲ್ಲ, ಇವತ್ತು ರಾತ್ರಿ 9.30ಕ್ಕೆ ಕರೆಂಟ್ ಕಡಿಯುತ್ತೇವೆ, ಈ ನಂಬರಿಗೆ ಕರೆ ಮಾಡಿ ಅಂತ. ಕರೆ ಮಾಡಿದರೆ ಮೃದುವಾದ ಮಾತಿನ ಒಬ್ಬರು ಹತ್ತು ರೂಪಾಯಿ ಕಟ್ಟಿ ಸಾಕು ಎನ್ನುತ್ತಾರೆ. ಅದಕ್ಕೊಂದು ಆಪ್ ಹಾಕಿಕೊಳ್ಳಿ ಎನ್ನುತ್ತಾರೆ. ಆ ಆಪ್ ನಮ್ಮ ಪರದೆಯನ್ನು ಅವರಿಗೆ ತೋರಿಸುತ್ತದೆ. ಹತ್ತು ರೂಪಾಯಿಗೆ ನಾವು ಒತ್ತುವ ಪಿನ್ ಅವರ ಕಣ್ಣೆದುರಿಗೇ ಇರುತ್ತದೆ. ಗುರುತಿಸುವುದು ಕಷ್ಟವಿಲ್ಲ. ಆ ಮೆಸೇಜ್ ಬರುವುದು ಮಾಮೂಲಿ ಹತ್ತಂಕಿಯ ಮೊಬೈಲಿನಿಂದ, ಅದರಲ್ಲಿ ನಿಮ್ಮ ಖಾತೆ ಸಂಖ್ಯೆ ಇರುವುದಿಲ್ಲ. ಗೋಡೆಯ ಮೇಲಿನ ಹತ್ತು ಅಂಕಿಯನ್ನು ನಿಮ್ಮ ಬಾಯಿಂದಲೇ ಕೇಳುವವರು ವಿದ್ಯುತ್ ಕಂಪನಿಯವರಲ್ಲ ಎಂದು ಪಾಠದಲ್ಲಿ ಬರೆಯಬೇಕೆಂದಿದ್ದೆ. ಆದರೆ 1912ಕ್ಕೆ ನಾವೇ ಕರೆ ಮಾಡಿ ದೂರು ಕೊಡುವಾಗ ಅವರೂ ಕೇಳಬಹುದು. ಆದ್ದರಿಂದ ಹೀಗೆ ಬರೆದೆ: "ನಾವು ಮಾಡಿದ ಕರೆಯಲ್ಲಿ ಖಾತೆ ಸಂಖ್ಯೆ ಹೇಳಬಹುದು. ಅವರು ಮಾಡಿದ ಕರೆಯಲ್ಲಿ ಏನೂ ಹೇಳುವಂತಿಲ್ಲ. ಫೋನ್ ಇಟ್ಟು ನೀವೇ ಆಪ್ ತೆರೆದು ಬಾಕಿ ಇದೆಯಾ ನೋಡಿ. ದುಡ್ಡು ಹೋದದ್ದು ಗೊತ್ತಾದರೆ ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಿ." ಬೇಗ ಹೇಳಿದಷ್ಟೂ ಆ ಹಣ ಮುಂದಕ್ಕೆ ಹೋಗದಂತೆ ತಡೆಯುವ ಸಾಧ್ಯತೆ ಹೆಚ್ಚು.

ಒಟ್ಟಿನಲ್ಲಿ ಈ ಪಾಠ ಎಲ್ಲರಿಗೂ ಹತ್ತಿತೆಂದು ಹೇಳಲಾರೆ. ಬ್ಯಾಂಕಿಗೆ ಹೋಗಿ ನಂಬರ್ ಬದಲಾಯಿಸಿಕೊಂಡು ಬರಲಾಗದವರು ಈಗಲೂ ಬಿಲ್ಲನ್ನು ಅಂಗಡಿಗೇ ಕೊಡುತ್ತಾರೆ. ಅಂಗಡಿ ಎಂದರೆ ಮೊಬೈಲ್ ಅಂಗಡಿಯಲ್ಲ, ನಮ್ಮ ಸಂಘದ ಅಂಗಡಿಯಾಕೆಯದು. ಅವರು ಬಿಲ್ಲಿನ ಮೇಲೆ ಹತ್ತು ರೂಪಾಯಿ ಕೇಳುವುದಿಲ್ಲ. ಆದರೆ ಹೆಸರು ಓದಿ ಹೇಳಿಸಿಕೊಳ್ಳದೆ ಪಿನ್ ಹಾಕುವುದೂ ಇಲ್ಲ.

ನಿಮ್ಮೂರಿನ ಸಂಘಕ್ಕೂ ಇಂಥದ್ದೊಂದು ಪಾಠ ಬರೆಯುವವರಿದ್ದರೆ, ನನ್ನ ಹಾಳೆಗಳನ್ನು ಹಾಗೇ ನಕಲು ಮಾಡಬೇಡಿ. ನಿಮ್ಮೂರಿನ ಬಿಲ್ಲುಗಳನ್ನು ಮೊದಲು ತರಿಸಿ ನೋಡಿ, ಯಾವ ಕಂಪನಿ, ಯಾರ ಹೆಸರು, ಎಷ್ಟು ಬಾಕಿ ಎಂದು. ಬ್ಯಾಂಕಿನಲ್ಲಿರುವ ಫೋನ್ ನಂಬರ್ ಯಾರದ್ದೆಂದು ಕೇಳಿ. ಇಷ್ಟಾದ ಮೇಲೆ ಫೋನ್ ತೆರೆಯಿಸಿ.